ಅನಿಲ ನಿಯಮದ ಲೆಕ್ಕಕ್ಕೆ ಸೆಲ್ಸಿಯಸ್ ಏಕೆ ಸಲ್ಲದು?

ಪ್ರಶ್ನೆ: ಚಾರ್ಲ್ಸ್ ನಿಯಮದ ಲೆಕ್ಕದಲ್ಲಿ ಎರಡೂ ತಾಪಮಾನಗಳನ್ನು ಸೆಲ್ಸಿಯಸ್‌ನಲ್ಲೇ ಬರೆದೆ. ಮೇಲೂ ಕೆಳಗೂ ಒಂದೇ ಏಕಮಾನವಿದ್ದರೆ ಅದು ಹೊಡೆದುಹೋಗಬೇಕಲ್ಲವೇ? ಆದರೂ ಉತ್ತರ ತಪ್ಪಾಗಿದೆ. ಏಕೆ?
– ಪಿಯುಸಿ ವಿದ್ಯಾರ್ಥಿನಿ

ಉತ್ತರ: ಒತ್ತಡ ಬದಲಾಗದಿದ್ದರೆ ಅನಿಲದ ಗಾತ್ರ ಅದರ ತಾಪಮಾನಕ್ಕೆ ನೇರ ಅನುಪಾತದಲ್ಲಿರುತ್ತದೆ ಎನ್ನುತ್ತದೆ ಚಾರ್ಲ್ಸ್ ನಿಯಮ. ಏಕಮಾನ ಹೊಡೆದುಹೋಗುತ್ತದೆ, ನಿಜ, ಆದರೆ ಎಣಿಕೆ ಎಲ್ಲಿಂದ ಶುರುವಾಯಿತು ಎಂಬುದು ಹೊಡೆದುಹೋಗುವುದಿಲ್ಲ. ಸೆಂಟಿಮೀಟರಿನಲ್ಲಿ ಅಳೆದರೂ ಅಂಗುಲದಲ್ಲಿ ಅಳೆದರೂ ಸೊನ್ನೆ ಎಂದರೆ ಉದ್ದವೇ ಇಲ್ಲ ಎಂದರ್ಥ. ಸೆಲ್ಸಿಯಸ್ಸಿನ ಸೊನ್ನೆ ಹಾಗಲ್ಲ, ಅದು ನೀರು ಹೆಪ್ಪುಗಟ್ಟುವ ಬಿಂದು ಮಾತ್ರ. ಅಲ್ಲಿಯೂ ಅನಿಲಕ್ಕೆ ಗಾತ್ರವಿರುತ್ತದೆ, ಅದರ ಅಣುಗಳು ಓಡಾಡುತ್ತಲೇ ಇರುತ್ತವೆ.

ಒಂದು ಲೆಕ್ಕವನ್ನೇ ನೋಡೋಣ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 500 ಮಿಲಿಲೀಟರ್ ಇರುವ ಗಾಳಿಯನ್ನು, ಒತ್ತಡ ಬದಲಾಗದಂತೆ, 40 ಡಿಗ್ರಿಗೆ ಕಾಯಿಸಿದ್ದೇವೆ. ನಿಮ್ಮ ರೀತಿಯಲ್ಲಿ 40ನ್ನು 20ರಿಂದ ಭಾಗಿಸಿದರೆ ಗಾತ್ರ ಇಮ್ಮಡಿಯಾಗಿ 1000 ಮಿಲಿಲೀಟರ್ ಆಗಬೇಕು. ಅದೇ ತಾಪಮಾನಗಳು ಫ್ಯಾರನ್‌ಹೀಟ್‌ನಲ್ಲಿ 68 ಮತ್ತು 104. ಅವುಗಳಿಂದ ಲೆಕ್ಕ ಹಾಕಿದರೆ ಸುಮಾರು 765 ಬರುತ್ತದೆ. ಅನಿಲ ಒಂದೇ, ಕಾಯಿಸಿದ್ದೂ ಅಷ್ಟೇ. ಅಳೆಯಲು ಯಾವ ಥರ್ಮಾಮೀಟರ್ ಹಿಡಿದೆವು ಎಂಬುದರ ಮೇಲೆ ಅದರ ಗಾತ್ರ ಬದಲಾಗಲಾರದು. ಸೆಲ್ಸಿಯಸ್ ತಾಪಮಾನಗಳಿಗೆ 273 ಕೂಡಿಸಿ ಕೆಲ್ವಿನ್‌ನಲ್ಲಿ 293 ಮತ್ತು 313 ಎಂದು ಬರೆದರೆ 500 × 313/293, ಅಂದರೆ ಸುಮಾರು 534 ಮಿಲಿಲೀಟರ್. ಪ್ರಯೋಗದಲ್ಲಿ ಕಾಣುವುದೂ ಇಷ್ಟೇ. ಇನ್ನು ಆರಂಭದ ತಾಪಮಾನ ಮೈನಸ್ 10 ಇದ್ದು 10ಕ್ಕೆ ಏರಿದ್ದರೆ, ಸೆಲ್ಸಿಯಸ್ ಲೆಕ್ಕ ಋಣ ಗಾತ್ರವನ್ನೇ ಕೊಡುತ್ತಿತ್ತು!

273 ಎಂಬ ಸಂಖ್ಯೆಯೂ ಅನಿಲಗಳ ನಡವಳಿಕೆಯಿಂದಲೇ ಸಿಗುತ್ತದೆ. ಒತ್ತಡ ಸ್ಥಿರವಾಗಿದ್ದಾಗ ಅನಿಲದ ಗಾತ್ರವು ಪ್ರತಿ ಡಿಗ್ರಿಗೆ, ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದ ಗಾತ್ರದ ಸುಮಾರು 273ನೇ ಒಂದು ಭಾಗದಷ್ಟು ಹೆಚ್ಚುತ್ತದೆ. ಗಾತ್ರ ಮತ್ತು ತಾಪಮಾನದ ನಕ್ಷೆ ಬರೆದು ಆ ಸರಳರೇಖೆಯನ್ನು ಹಿಂದಕ್ಕೆ ಎಳೆದರೆ, ಅದು ಗಾತ್ರದ ಸೊನ್ನೆಯನ್ನು ಮುಟ್ಟುವುದು ಮೈನಸ್ 273.15 ಡಿಗ್ರಿಯಲ್ಲಿ. ನಿಜವಾದ ಅನಿಲಗಳು ಅಲ್ಲಿಗೆ ತಲುಪುವ ಮೊದಲೇ ದ್ರವವಾಗುವುದರಿಂದ ರೇಖೆಯ ಆ ತುದಿಯನ್ನು ಯಾರೂ ಅಳೆದಿಲ್ಲ. ಆದರೂ ನೇರ ಅನುಪಾತಕ್ಕೆ ರೇಖೆ ಸೊನ್ನೆಯಿಂದಲೇ ಹೊರಡಬೇಕು; ಕೆಲ್ವಿನ್ ಮಾಪಕದ ಎಣಿಕೆ ಶುರುವಾಗುವುದು ಸರಿಯಾಗಿ ಆ ಬಿಂದುವಿನಿಂದ.

ಇದನ್ನು ಕಲಿತವರು ಮಾಡುವ ಇನ್ನೊಂದು ತಪ್ಪೂ ಇದೆ. "ತಾಪಮಾನವನ್ನು 20 ಡಿಗ್ರಿಯಷ್ಟು ಹೆಚ್ಚಿಸಲಾಯಿತು" ಎಂದು ಪ್ರಶ್ನೆಯಲ್ಲಿದ್ದರೆ ಆ 20ಕ್ಕೂ 273 ಕೂಡಿಸಿಬಿಡುತ್ತಾರೆ. ಎರಡೂ ಮಾಪಕಗಳಲ್ಲಿ ಡಿಗ್ರಿಯ ಅಳತೆ ಒಂದೇ ಆದ್ದರಿಂದ ವ್ಯತ್ಯಾಸವನ್ನು ಬದಲಿಸುವಂತಿಲ್ಲ. ಮೊದಲ ತಾಪಮಾನವನ್ನು ಕೆಲ್ವಿನ್‌ಗೆ ತಂದು, ಅದಕ್ಕೆ 20 ಸೇರಿಸಿದರೆ ಸಾಕು.

ಒತ್ತಡದಲ್ಲೂ ಇದೇ ಬಲೆ ಇದೆ. ಪಂಕ್ಚರ್ ಅಂಗಡಿಯ ಗೇಜು ಸೊನ್ನೆ ತೋರಿಸಿದಾಗಲೂ ಟೈರಿನೊಳಗೆ ವಾತಾವರಣದಷ್ಟು ಒತ್ತಡ ಇದ್ದೇ ಇರುತ್ತದೆ. ಆದ್ದರಿಂದ ಗೇಜಿನ ಅಳತೆಗೆ ವಾತಾವರಣದ ಒತ್ತಡವನ್ನು ಕೂಡಿಸಿದ ಮೇಲೆಯೇ ಅದನ್ನು ಸೂತ್ರದಲ್ಲಿ ಬಳಸಬೇಕು.