ಕಾಂಡಕೊರಕದ ಲೇಖನಕ್ಕೆ ಎಂಥ ಶೀರ್ಷಿಕೆ?

ಪ್ರಶ್ನೆ: ಸೋಮವಾರಪೇಟೆ ತಾಲ್ಲೂಕಿನ 18 ಅರೇಬಿಕಾ ತೋಟಗಳಲ್ಲಿ ಒಂದು ಹಂಗಾಮು ಮರದ ನೆರಳು ಎಷ್ಟಿದೆ, ಬಿಳಿ ಕಾಂಡಕೊರಕ ಹೊಕ್ಕ ಗಿಡ ಎಷ್ಟು ಎಂದು ಲೆಕ್ಕ ಹಾಕಿದ್ದೇನೆ. ‘ಕೊಡಗಿನ ಕಾಫಿ ಬೆಳೆಗಾರರ ಬದುಕಿಗೆ ಮಾರಕವಾಗಿರುವ ಕಾಂಡಕೊರಕದ ಸುಸ್ಥಿರ ನಿಯಂತ್ರಣದಲ್ಲಿ ನೆರಳಿನ ಪಾತ್ರದ ಕುರಿತು ಒಂದು ಸಮಗ್ರ ಅಧ್ಯಯನ’ ಎಂದು ನನ್ನ ಸಂಶೋಧನಾ ಲೇಖನಕ್ಕೆ ಶೀರ್ಷಿಕೆ ಕೊಟ್ಟಿದ್ದೆ. ಉದ್ದವಾಯಿತು, ಅಸ್ಪಷ್ಟವಾಗಿದೆ ಎಂದು ವಾಪಸ್ ಬಂತು. ಎಲ್ಲಿ ಕತ್ತರಿಸಲಿ?

ಉತ್ತರ: ಕತ್ತರಿಸುವ ಮೊದಲು ಒಂದು ಕೆಲಸ ಮಾಡಿ. ಶೀರ್ಷಿಕೆಯ ಒಂದೊಂದು ಪದದ ಮೇಲೂ ಬೆರಳಿಟ್ಟು, ಇದಕ್ಕೆ ನನ್ನ ಕೋಷ್ಟಕಗಳಲ್ಲಿ ಅಂಕಿ ಇದೆಯೇ ಎಂದು ನೋಡಿ. ‘ಬೆಳೆಗಾರರ ಬದುಕು’ ಎಂದಿದ್ದೀರಿ. ಬೆಳೆಗಾರರ ಆದಾಯವನ್ನಾಗಲಿ ಸಾಲವನ್ನಾಗಲಿ ನೀವು ಕೇಳಿಲ್ಲ. ಅದು ಪೀಠಿಕೆಯ ಮಾತು, ಅಲ್ಲಿಗೇ ಕಳಿಸಿ. ‘ಕಾಫಿ’ ಎಂದಿದ್ದೀರಿ, ಕೊಡಗಿನಲ್ಲಿ ರೋಬಸ್ಟಾ ತೋಟವೇ ಜಾಸ್ತಿ, ಈ ಕೊರಕ ಕಾಡುವುದು ಮುಖ್ಯವಾಗಿ ಅರೇಬಿಕಾವನ್ನು. ಬರೀ ಕಾಫಿ ಎಂದರೆ ವಿರಾಜಪೇಟೆ ಕಡೆಯ ರೋಬಸ್ಟಾ ಬೆಳೆಗಾರನೂ ತನ್ನ ತೋಟದ ಮಾತೆಂದು ತೆರೆದು ನೋಡಿ, ಸುಮ್ಮನೆ ಮುಚ್ಚುತ್ತಾನೆ. ‘ಕೊಡಗಿನ’ ಎಂಬುದೂ ಹಾಗೆಯೇ, ನೀವು ನೋಡಿದ್ದು ಒಂದೇ ತಾಲ್ಲೂಕು.

‘ಒಂದು ಸಮಗ್ರ ಅಧ್ಯಯನ’ವನ್ನು ಪೂರ್ತಿ ಕಿತ್ತುಹಾಕಿ. ಪತ್ರಿಕೆಯಲ್ಲಿ ಅಚ್ಚಾಗುವುದೆಲ್ಲ ಅಧ್ಯಯನವೇ. ಇನ್ನು ಒಂದು ಹಂಗಾಮಿನ ಎಣಿಕೆ ಸಮಗ್ರ ಆಗುವುದಿಲ್ಲ. ಈ ಕೊರಕದ ದುಂಬಿ ಹೊರಬರುವುದೇ ವರ್ಷಕ್ಕೆ ಎರಡು ಸಲ, ಏಪ್ರಿಲ್–ಮೇ ಸುಮಾರಿಗೆ ಮತ್ತು ಮಳೆಗಾಲ ಕಳೆದ ಮೇಲೆ. ವಿಮರ್ಶಕರು ಮೊದಲು ಹಿಡಿಯುವುದು ಇದನ್ನೇ.

ಎಲ್ಲಕ್ಕಿಂತ ತೊಂದರೆ ಕೊಡುವ ಪದ ‘ನಿಯಂತ್ರಣ’. ಅದರ ಜೊತೆಗಿರುವ ‘ಪಾತ್ರ’ವೂ ಅಷ್ಟೇ. ನೀವು ಏನನ್ನೂ ನಿಯಂತ್ರಿಸಿಲ್ಲ, ಇದ್ದದ್ದನ್ನು ಎಣಿಸಿದ್ದೀರಿ. ನೆರಳು ಕಮ್ಮಿ ಇರುವ ತೋಟದಲ್ಲಿ ಬಾಧೆ ಹೆಚ್ಚು ಕಂಡಿದ್ದರೂ ಅದಕ್ಕೆ ನೆರಳೊಂದೇ ಕಾರಣ ಎನ್ನಲಾಗದು. ಅಲ್ಲಿ ಗಿಡಗಳು ಹಳೆಯವಿರಬಹುದು, ಇಳಿಜಾರು ಬಿಸಿಲಿಗೆ ಮುಖ ಮಾಡಿರಬಹುದು, ಕೊರಕ ಹೊಕ್ಕ ಗಿಡಗಳನ್ನು ಹುಡುಕಿ ಕಿತ್ತು ಸುಡುವ ಕೆಲಸಕ್ಕೆ ಆಳು ಸಿಗದೆ ಹೋಗಿರಬಹುದು. ತಾಕುಗಳಿಗೆ ಚೀಟಿ ಎತ್ತಿ, ಕೆಲವದರಲ್ಲಿ ನೀವೇ ಮರದ ಕೊಂಬೆ ಸವರಿಸಿ, ಉಳಿದವನ್ನು ಹಾಗೇ ಬಿಟ್ಟು ಎಣಿಸಿದ್ದರೆ ‘ನೆರಳಿನ ಪರಿಣಾಮ’ ಎಂದು ಬರೆಯುವ ಹಕ್ಕು ಇರುತ್ತಿತ್ತು. ಈಗ ಇರುವುದು ‘ಸಂಬಂಧ’ ಎನ್ನುವಷ್ಟು ಮಾತ್ರ. ‘ಪರಿಣಾಮ’, ‘ಪಾತ್ರ’, ‘ಪ್ರಭಾವ’ ಇವೆಲ್ಲ ಕಾರಣವನ್ನು ಹೇಳುವ ಪದಗಳು, ಮೆತ್ತಗೆ ಕಾಣುತ್ತವೆ ಅಷ್ಟೇ.

ಇಷ್ಟು ಸೋಸಿದ ಮೇಲೆ ಉಳಿಯುವುದು ಹೀಗೆ: ‘ಸೋಮವಾರಪೇಟೆ ತಾಲ್ಲೂಕಿನ ಅರೇಬಿಕಾ ತೋಟಗಳಲ್ಲಿ ಮರದ ನೆರಳಿಗೂ ಬಿಳಿ ಕಾಂಡಕೊರಕದ ಬಾಧೆಗೂ ಇರುವ ಸಂಬಂಧ’. ಏನನ್ನು ಅಳೆದಿರಿ, ಯಾವ ಬೆಳೆಯಲ್ಲಿ, ಎಲ್ಲಿ ಎಂಬ ಮೂರೂ ಬಂದವು. ‘ಬಿಳಿ’ ಎಂಬ ಪದವನ್ನು ನಾನು ಬೇಕೆಂದೇ ಸೇರಿಸಿದ್ದೇನೆ. ಕಾಂಡ ಕೊರೆಯುವ ಹುಳು ಭತ್ತಕ್ಕೂ ಇದೆ, ಹುಡುಕುವವರಿಗೆ ಗೊಂದಲ ಬೇಡ.

ಇಂಗ್ಲಿಷ್ ಪತ್ರಿಕೆಗಾದರೆ ಪದಗಳ ಸಾಲು ತಿರುಗಿಸಿ: ನೆರಳು ಮತ್ತು ಕೊರಕ ಮೊದಲು, ಊರು ಕೊನೆಗೆ. ಹುಡುಕಿದಾಗ ಬರುವ ಪಟ್ಟಿಯಲ್ಲಿ ಉದ್ದದ ಶೀರ್ಷಿಕೆಯ ಬಾಲ ಕತ್ತರಿಸಿ ಹೋಗುವುದುಂಟು, ಆಗಲೂ ವಿಷಯ ಉಳಿಯಬೇಕು. ತಾಲ್ಲೂಕಿನ ಹೆಸರು ಹೊರಗಿನವರಿಗೆ ಗೊತ್ತಿರುವುದಿಲ್ಲವಾದ್ದರಿಂದ ಅದರ ಪಕ್ಕದಲ್ಲಿ ಕೊಡಗು, ಭಾರತ ಎಂದು ಹಾಕಿ. ‘ಕೂರ್ಗ್’ ಎಂದು ಹುಡುಕುವವರು ಈಗಲೂ ಇದ್ದಾರೆ. ಆ ಪದವನ್ನು ಕೀವರ್ಡ್‌ಗಳಲ್ಲಿ ಕೊಡಿ, ಶೀರ್ಷಿಕೆಯಲ್ಲಿ ಕೊಡಗು, ಕೂರ್ಗ್ ಎರಡೂ ಒಟ್ಟಿಗೆ ಬೇಡ. ಕೀಟದ ಲ್ಯಾಟಿನ್ ಹೆಸರು ಶೀರ್ಷಿಕೆಯಲ್ಲೇ ಬೇಕೆನ್ನುವ ಪತ್ರಿಕೆಗಳಿವೆ, ಲೇಖಕರ ಸೂಚನೆ ಓದಿ.

ಉದ್ದಕ್ಕೆ ಒಂದೇ ಅಳತೆ ಇಲ್ಲ. ಪ್ಲಾಸ್ ಒನ್ ಎಂಬ ವಿಜ್ಞಾನ ಪತ್ರಿಕೆ 250 ಅಕ್ಷರಗಳವರೆಗೆ ಬಿಡುತ್ತದೆ, ಸಂಶೋಧನಾ ಬರಹದ ಎಪಿಎ ಕೈಪಿಡಿಯ 6ನೇ ಆವೃತ್ತಿ 12 ಪದಗಳನ್ನು ಮೀರಬೇಡಿ ಎನ್ನುತ್ತಿತ್ತು. 250 ಸಿಕ್ಕಿತೆಂದು ತುಂಬಿಸಬೇಡಿ. ಆದರೆ ಚಿಕ್ಕದು ಮಾಡುವ ಭರದಲ್ಲಿ ‘ನೆರಳು ಮತ್ತು ಕೊರಕ’ ಎಂದಿಟ್ಟರೆ ಮತ್ತೆ ಮೊದಲಿನ ಅಸ್ಪಷ್ಟತೆಗೇ ಬಂದ ಹಾಗೆ.

‘ನೆರಳು ಕಮ್ಮಿಯಾದಲ್ಲಿ ಕಾಂಡಕೊರಕ ಹೆಚ್ಚು’ ಎಂದು ಫಲಿತಾಂಶವನ್ನೇ ಶೀರ್ಷಿಕೆ ಮಾಡುವ ರೂಢಿಯೂ ಇದೆ. ಓದುಗರಿಗೆ ಅದು ಇಷ್ಟ. ಆದರೆ 18 ತೋಟ, ಒಂದು ಹಂಗಾಮಿನ ಮೇಲೆ ಹಾಗೆ ಬರೆಯಲು ನಾನು ಒಪ್ಪುವುದಿಲ್ಲ, ಮುಂದಿನ ವರ್ಷ ಎಣಿಕೆ ತಿರುಗಿಬಿದ್ದರೆ ಶೀರ್ಷಿಕೆಯೇ ಸುಳ್ಳಾಗುತ್ತದೆ.

ಕಳಿಸುವ ಮುಂಚೆ ಬೇರೆ ವಿಭಾಗದ ಯಾರಿಗಾದರೂ, ಮಣ್ಣು ವಿಜ್ಞಾನದವರೋ ಅರಣ್ಯದವರೋ, ಶೀರ್ಷಿಕೆ ಮಾತ್ರ ತೋರಿಸಿ, ಸಾರಾಂಶ ಕೊಡಬೇಡಿ. ನಾನು ಏನನ್ನು ಎಣಿಸಿದ್ದೇನೆ ಹೇಳಿ ಎಂದು ಕೇಳಿ. ‘ಔಷಧಿ ಹೊಡೆದು ನೋಡಿದ್ದೀರಾ?’ ಎಂದರೆ ನಿಯಂತ್ರಣದ ವಾಸನೆ ಇನ್ನೂ ಎಲ್ಲೋ ಉಳಿದಿದೆ.