ಪ್ರತಿಕ್ರಿಯೆ: ಕೊಳವೆಬಾವಿ ಮೋಟಾರಿನ ಸ್ಪೆಕ್ಟ್ರಮ್‌ನಲ್ಲಿ 50 ಹರ್ಟ್ಜ್ ಹರಡುವುದೇಕೆ?

"ಕೋಲಾರದ ತೋಟದ ಮೋಟಾರಿನ ಕರೆಂಟನ್ನು ಸೆಕೆಂಡಿಗೆ 1000ದಂತೆ 1024 ಸ್ಯಾಂಪಲ್ ಹಿಡಿದು ಎಫ್‌ಎಫ್‌ಟಿ ಮಾಡಿದೆ. 50 ಹರ್ಟ್ಜ್‌ನ ಅಕ್ಕಪಕ್ಕವೆಲ್ಲ ಹರಡಿದೆ. ರೋಟರ್ ಕೆಟ್ಟಿದೆಯೇ?"

ಈ ಗ್ರಾಫ್ ನೋಡಿ ದಯವಿಟ್ಟು ಮೋಟಾರನ್ನು ಮೇಲೆತ್ತಿಸಬೇಡಿ. ನಿಮ್ಮ ತುಣುಕಿನಲ್ಲಿ 51.2 ಆವರ್ತಗಳಿವೆ. ಎಫ್‌ಎಫ್‌ಟಿ ಅದೇ ತುಣುಕು ಮತ್ತೆ ಮತ್ತೆ ಬರುತ್ತದೆಂದು ಭಾವಿಸುತ್ತದೆ. ಕೊನೆ ಮೊದಲಿಗೆ ಕೂಡುವಲ್ಲಿ ಅಲೆ ಹಠಾತ್ತನೆ ಜಿಗಿಯುತ್ತದೆ, ಆ ಜಿಗಿತವೇ ಎಲ್ಲ ಬಿನ್‌ಗಳಿಗೂ ಸೋರುತ್ತದೆ. 1000 ಸ್ಯಾಂಪಲ್ ಮಾತ್ರ ತೆಗೆದುಕೊಂಡು ನೋಡಿ: ಸರಿಯಾಗಿ 50 ಆವರ್ತಗಳಾಗಿ ಹರಡುವಿಕೆ ಬಹುಪಾಲು ಕುಗ್ಗಿದರೆ ಅದು ಸೋರಿಕೆಯೇ. ಆದರೆ ಲೈನಿನ ಆವರ್ತನ ಸದಾ ಅಲುಗಾಡುವುದರಿಂದ ಇದನ್ನೇ ನಂಬಿಕೊಳ್ಳಲಾಗದು, ತುಣುಕಿನ ಎರಡೂ ತುದಿಗಳನ್ನು ಮೆಲ್ಲಗೆ ಸೊನ್ನೆಗಿಳಿಸಿ ಆ ಜಿಗಿತವನ್ನು ಅಳಿಸುವ ಹ್ಯಾನ್ ವಿಂಡೋ ಹಾಕಿ:

```
x = x - x.mean()
w = np.hanning(len(x))
A = 2*np.abs(np.fft.rfft(x*w))/w.sum()
```

`w.sum()`ನಿಂದ ಭಾಗಿಸದಿದ್ದರೆ ಎತ್ತರ ತಪ್ಪಾಗುತ್ತದೆ.

ರೋಟರ್ ಸರಳು ಮುರಿದಿದ್ದರೆ, ಲೋಡ್‌ನಲ್ಲಿ ಮೋಟಾರ್ 2850 ಆರ್‌ಪಿಎಂನಲ್ಲಿ ತಿರುಗುವಾಗ 45 ಮತ್ತು 55 ಹರ್ಟ್ಜ್‌ನಲ್ಲಿ ಪುಟ್ಟ ಶಿಖರಗಳು ಬರುತ್ತವೆ. ವಿಂಡೋ ಇಲ್ಲದಿದ್ದರೆ 45ರಲ್ಲಿ ಸೋರಿಕೆಯೇ ಮುಖ್ಯ ಶಿಖರದ ಸುಮಾರು 4% ಇರುತ್ತದೆ, 1% ಶಿಖರ ಅದರಲ್ಲಿ ಮುಳುಗುತ್ತದೆ. ಹ್ಯಾನ್ ಹಾಕಿದರೆ ಸೋರಿಕೆ 0.2%ಕ್ಕಿಂತ ಕೆಳಗಿಳಿಯುತ್ತದೆ. ಬದಲಿಗೆ ಮುಖ್ಯ ಶಿಖರ ಎರಡೂ ಕಡೆ ಎರಡು ಬಿನ್ ಅಗಲವಾಗುತ್ತದೆ. ಹಾಗಾಗಿ ಲೋಡ್ ಕಡಿಮೆಯಾಗಿ ಪಕ್ಕದ ಶಿಖರಗಳು 50ರ ಹತ್ತಿರ ಸರಿದರೆ, ಸೊನ್ನೆ ತುಂಬಿಸಿ ಪ್ರಯೋಜನವಿಲ್ಲ, ಹೆಚ್ಚು ಹೊತ್ತು ರೆಕಾರ್ಡ್ ಮಾಡಬೇಕು.