ಯಂತ್ರ ಬರೆದ ರಿವ್ಯೂಗೆ ಜಿಗಣೆ ಕಚ್ಚುವುದಿಲ್ಲ

ಪ್ರಶ್ನೆ: ತೋಟಕ್ಕೆ ಗಮ್‌ಬೂಟ್ ಹುಡುಕ್ತಿದ್ದೀನಿ. ಎಐ ಬರೆದ ರಿವ್ಯೂಗಳೆಲ್ಲ ಒಂದೇ ಥರ ಯಾಕಿರುತ್ತವೆ? ಯಾವುದನ್ನು ನಂಬೋದು?

ಉತ್ತರ: ಬರೆಯುವ ಯಂತ್ರ ಆ ಬೂಟನ್ನು ಹಾಕಿಕೊಂಡೇ ಇಲ್ಲ, ಅದಕ್ಕೇ. ಬರೆಸುವವರು ಸಾಮಾನ್ಯವಾಗಿ ಕೊಡುವುದು ವಸ್ತುವಿನ ಹೆಸರು, ಜೊತೆಗೆ ‘ಚೆನ್ನಾಗಿ ಬರಿ’ ಅನ್ನುವ ಸೂಚನೆ. ಅದು ತಾನು ಕಲಿತ ಲಕ್ಷಾಂತರ ಬರಹಗಳ ಆಧಾರದ ಮೇಲೆ, ಮುಂದೆ ಬರುವ ಸಾಧ್ಯತೆ ಹೆಚ್ಚಿರುವ ಪದಗಳನ್ನು ಜೋಡಿಸುತ್ತಾ ಹೋಗುತ್ತದೆ. ಹೇಳಲು ಸ್ವಂತದ್ದೇನೂ ಇಲ್ಲದಿದ್ದಾಗ ಎಲ್ಲರೂ ಹೇಳುವುದೇ ಬರುತ್ತದೆ: ‘ಗುಣಮಟ್ಟ ಅತ್ಯುತ್ತಮ, ಧರಿಸಲು ಆರಾಮ, ಕೊಟ್ಟ ದುಡ್ಡಿಗೆ ಮೋಸವಿಲ್ಲ.’ ಬೂಟಿನ ಬದಲು ಕುಕ್ಕರ್ ಅಂದರೂ ‘ಧರಿಸಲು’ ಒಂದನ್ನು ಬಿಟ್ಟು ಉಳಿದದ್ದೆಲ್ಲ ನಡೆಯುತ್ತದೆ!

ಈಗ ಮಡಿಕೇರಿ ಕಡೆಯ ಕಾಫಿ ತೋಟದವರೊಬ್ಬರು ಜುಲೈ ಮಳೆಯಲ್ಲಿ ಹಾಕಿ ನೋಡಿ ಬರೆದರೆ ಹೀಗಿರಬಹುದು: ‘8ನೇ ಸೈಜ್ ತಗೊಂಡೆ. ಜಿಗಣೆಗೆ ಅಂತ ದಪ್ಪ ಕಾಲುಚೀಲ ಹಾಕಿದ ಮೇಲೆ ಬೆರಳು ಒತ್ತಿತು, 9 ತಗೋಬೇಕಿತ್ತು. ನೀರು ಸೋರಲಿಲ್ಲ, ಆದರೆ ಬೆವರಿಗೆ ಒದ್ದೆಯಾದ ಒಳಬಟ್ಟೆ ಒಲೆ ಪಕ್ಕ ಇಟ್ಟರೂ ಎರಡು ದಿನ ಒಣಗಲಿಲ್ಲ.’

ಇಲ್ಲಿ ಬೆರಳು ಒತ್ತಿದ್ದಕ್ಕೆ ಕಾಲುಚೀಲ ಕಾರಣ, ಒದ್ದೆಗೆ ಬೆವರು ಕಾರಣ. ಇವು ವಸ್ತುವಿನ ವಿವರಣೆಯಲ್ಲಿ ಸಿಗುವ ಮಾತಲ್ಲ, ಬಳಸಿದವರಿಗಷ್ಟೇ ಗೊತ್ತಾಗುವಂಥವು. ಹಾಗಂತ ದೂರು ಕಂಡ ಕೂಡಲೇ ನಂಬಬೇಡಿ. ಯಂತ್ರಕ್ಕೆ ‘ಒಂದು ಕೊರತೆಯನ್ನೂ ಸೇರಿಸು’ ಅನ್ನಬಹುದು. ಆಗಲೂ ಹೆಚ್ಚಾಗಿ ಬರುವುದು ‘ಡೆಲಿವರಿ ಸ್ವಲ್ಪ ತಡ’ ಅನ್ನುವಂಥದ್ದು, ಬೂಟಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ.